ನಿಮಗಿದು ಗೊತ್ತೇ? ಯಾರ ಎಸೆತಕ್ಕೆ ಯಾರು ಬೀಳುತ್ತಾರೆ?

ಒಂದೇ ತಿಂಗಳಲ್ಲಿ ಕೊಹ್ಲಿ, ಡಿವಿಲಿಯರ್ಸ್ ಇಬ್ಬರನ್ನೂ ಎರಡೆರಡು ಸಲ ಔಟ್ ಮಾಡಿದ ಕನ್ನಡಿಗ ಯಾರು ಗೊತ್ತೇ?
ಕರ್ನಾಟಕದ ಲೆಗ್‌ಸ್ಪಿನ್ನರ್ ಶ್ರೇಯಸ್ ಗೋಪಾಲ್. 2019ರ ಏಪ್ರಿಲ್ 2ರಂದು ಜೈಪುರದಲ್ಲಿ ರಾಜಸ್ಥಾನ ರಾಯಲ್ಸ್ ಪರ ನಾಲ್ಕು ಓವರ್ ಹಾಕಿ, 12 ರನ್ ಕೊಟ್ಟು 3 ವಿಕೆಟ್ ಪಡೆದರು. ಏಪ್ರಿಲ್ 30ರಂದು ಬೆಂಗಳೂರಿನಲ್ಲಿ ಮಳೆಯಿಂದಾಗಿ ಐದೇ ಓವರಿಗೆ ಇಳಿದ ಪಂದ್ಯದಲ್ಲಿ ಕೊಹ್ಲಿ, ಡಿವಿಲಿಯರ್ಸ್, ಸ್ಟೋಯಿನಿಸ್ ಅವರನ್ನು ಸಾಲಾಗಿ ಔಟ್ ಮಾಡಿ ಹ್ಯಾಟ್ರಿಕ್ ಪಡೆದರು. ಅಂದೂ 12 ರನ್ನಿಗೆ 3 ವಿಕೆಟ್, ಆದರೆ ಒಂದೇ ಓವರಿನಲ್ಲಿ. ಐದು ಓವರಿನ ಪಂದ್ಯದಲ್ಲಿ ಬ್ಯಾಟರ್ ಪ್ರತಿ ಎಸೆತಕ್ಕೂ ಬೀಸಲೇಬೇಕು. ಹಾಗಾಗಿ ಅಂದು ಬಿದ್ದ ವಿಕೆಟ್‌ಗೂ ಜೈಪುರದಲ್ಲಿ ಬಿದ್ದ ವಿಕೆಟ್‌ಗೂ ಒಂದೇ ತೂಕ ಕೊಡಲಾಗದು. 'ಶ್ರೇಯಸ್ ಬಂದರೆ ಕೊಹ್ಲಿ ಹೋದರು' ಎನ್ನುವ ಮುಂಚೆ ಎಸೆತಗಳನ್ನು ಎಣಿಸಬೇಕು.

ಒಬ್ಬ ಬ್ಯಾಟರ್, ಒಬ್ಬ ಬೌಲರ್ ಒಂದು ಟೂರ್ನಿಯಲ್ಲಿ ಎಷ್ಟು ಎಸೆತ ಎದುರುಬದುರಾಗುತ್ತಾರೆ ಗೊತ್ತೇ?
ಹತ್ತು ಹನ್ನೆರಡು ಎಸೆತ ಸಿಕ್ಕರೆ ಹೆಚ್ಚು. 2023ರಲ್ಲಿ ಹುಬ್ಳಿ ಟೈಗರ್ಸ್ ಗೆದ್ದ ಮಹಾರಾಜ ಟ್ರೋಫಿಯನ್ನೇ ನೋಡಿ. ಆರು ತಂಡ, ಲೀಗ್ ಹಂತದಲ್ಲಿ ಒಂದೊಂದು ತಂಡದೊಂದಿಗೆ ಎರಡೆರಡು ಪಂದ್ಯ. ಬೌಲರಿಗೆ ಪಂದ್ಯಕ್ಕೆ 24 ಎಸೆತ, ಅವು ನಾಲ್ಕೈದು ಬ್ಯಾಟರ್‌ಗಳ ನಡುವೆ ಹಂಚಿಹೋಗುತ್ತವೆ. ಒಂದು ಜೋಡಿಗೆ ಒಂದು ಪಂದ್ಯದಲ್ಲಿ ಐದಾರು ಎಸೆತ ಬಂದರೆ ದೊಡ್ಡದು.

12 ಎಸೆತದಲ್ಲಿ ಎರಡು ಸಲ ಔಟ್ ಆಗುವುದು ಬರೀ ಅದೃಷ್ಟದಿಂದಲೂ ಆಗಬಹುದು, ಗೊತ್ತೇ?
ಯಾವ ಬೌಲರಿಗೂ ವಿಶೇಷವಾಗಿ ಹೆದರದ, ಎಲ್ಲರಿಗೂ ಸರಾಸರಿ 20 ಎಸೆತಕ್ಕೊಮ್ಮೆ ಔಟ್ ಆಗುವ ಒಬ್ಬ ಬ್ಯಾಟರ್ ಇದ್ದಾನೆ ಎಂದುಕೊಳ್ಳಿ. ಅವನು 12 ಎಸೆತದಲ್ಲಿ ಎರಡು ಅಥವಾ ಹೆಚ್ಚು ಸಲ ಔಟ್ ಆಗುವ ಸಂಭವ ನೂರಕ್ಕೆ ಸುಮಾರು 12. ಇಂಥ 40 ಬೌಲರ್‌ಗಳನ್ನು ಅವನು ತಲಾ 12 ಎಸೆತ ಎದುರಿಸಿದರೆ, ಸುಮಾರು ಐದು ಜನ ಅವನಿಗೆ 'ಗಂಟುಬಿದ್ದವರಂತೆ' ಕಾಣುತ್ತಾರೆ. ಅಂಥವರ ಹೆಸರನ್ನೇ ಹುಡುಕಿ ಹುಡುಕಿ ಟಿವಿಯಲ್ಲಿ ತೋರಿಸಿದರೆ ನೋಡುವವರಿಗೆ ಅದು ದೌರ್ಬಲ್ಯವೆಂದೇ ಅನಿಸುತ್ತದೆ. ಅದೇ 12 ಎಸೆತದಲ್ಲಿ ಒಮ್ಮೆಯೂ ಔಟ್ ಆಗದೇ ಉಳಿಯುವ ಸಂಭವ ನೂರಕ್ಕೆ 54. ಅಂದರೆ 'ಈ ಬೌಲರಿಗೆ ಇವನು ಔಟೇ ಆಗಿಲ್ಲ' ಎಂಬ ಮಾತಿಗೂ ಬೆಲೆ ಅಷ್ಟಕ್ಕಷ್ಟೇ.

60 ಎಸೆತವೂ ಒಂದು ದಿನದ ಕಥೆಯಷ್ಟೇ, ಗೊತ್ತೇ?
ಗದುಗಿನಿಂದ ನಸುಕಿನ ರೈಲು ಹತ್ತಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡುತ್ತಿದ್ದ ಎಡಗೈ ಸ್ಪಿನ್ನರ್ ಸುನೀಲ್ ಜೋಶಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ 6 ಮೇಡನ್ ಹಾಕಿ, 6 ರನ್ ಕೊಟ್ಟು 5 ವಿಕೆಟ್ ಪಡೆದರು. ಅವರ ಇಡೀ ಏಕದಿನ ವೃತ್ತಿಬದುಕಿನ ಲೆಕ್ಕ 69 ಪಂದ್ಯ, 69 ವಿಕೆಟ್. ನೈರೋಬಿಯ ದಿನವನ್ನು ಯಾರೂ ಅಳಿಸಲಾರರು. ಆದರೆ ಮರುದಿನ ಎಷ್ಟು ವಿಕೆಟ್ ಬೀಳಬಹುದು ಎಂದು ಕೇಳಿದರೆ ಉತ್ತರ ಐದಕ್ಕಿಂತ ಒಂದಕ್ಕೇ ಹತ್ತಿರ.

ಬೌಲರ್ ಒಬ್ಬನ ಅಂಕಿ ಸಾಲದಿದ್ದರೆ ಅವನ ಬಗೆಯವರ ಅಂಕಿ ಸಾಲ ತರಬಹುದು, ಗೊತ್ತೇ?
'ಅಂವಾ ಎಡಗೈ ಸ್ಪಿನ್ನಿಗೆ ಆಡೂದಿಲ್ಲರಿ' ಎಂದು ಮೈದಾನದ ಕಟ್ಟೆಯ ಮೇಲೆ ಕೂತವರು ಹೇಳುವಾಗ ಮಾಡುವುದೂ ಇದನ್ನೇ. ಮೊದಲ ಮೆಟ್ಟಿಲು ಆ ಬೌಲರ್ ಒಬ್ಬನೇ. ಎರಡನೆಯದು ಎಲ್ಲ ಎಡಗೈ ಸ್ಪಿನ್ನರ್‌ಗಳು. ಮೂರನೆಯದು ಚೆಂಡು ತಿರುಗುವ ದಿಕ್ಕು: ಬಲಗೈ ಬ್ಯಾಟರಿಗೆ ಎಡಗೈ ಸ್ಪಿನ್ ಮತ್ತು ಲೆಗ್‌ಸ್ಪಿನ್ ಎರಡೂ ಹೊರಕ್ಕೆ ತಿರುಗುತ್ತವೆ, ಆಫ್‌ಸ್ಪಿನ್ ಒಳಕ್ಕೆ ಬರುತ್ತದೆ. ಎಡಗೈ ಬ್ಯಾಟರಿಗೆ ಇದು ಉಲ್ಟಾ. ನಾಲ್ಕನೆಯದು ಒಟ್ಟು ಸ್ಪಿನ್. ಮೆಟ್ಟಿಲು ಏರಿದಂತೆ ಎಸೆತಗಳ ಸಂಖ್ಯೆ ಬೆಳೆಯುತ್ತದೆ, ಹೋಲಿಕೆ ಮಾತ್ರ ಸಡಿಲಾಗುತ್ತದೆ. ಈ ಎರಡರ ನಡುವಿನ ಚೌಕಾಸಿಯೇ ಮ್ಯಾಚ್‌ಅಪ್ ಲೆಕ್ಕದ ತಿರುಳು.

ಕುಂಬ್ಳೆ, ಚಂದ್ರಶೇಖರ್, ಶ್ರೇಯಸ್ ಗೋಪಾಲ್ ಮೂವರನ್ನೂ ಒಂದೇ ಗುಂಪಿಗೆ ಹಾಕಿದರೆ ಲೆಕ್ಕ ಕೆಡುತ್ತದೆ, ಗೊತ್ತೇ?
ದಾಖಲೆಗಳಲ್ಲಿ ಮೂವರೂ ಲೆಗ್‌ಸ್ಪಿನ್ನರ್‌ಗಳೇ. ಆದರೆ ಬಿ.ಎಸ್. ಚಂದ್ರಶೇಖರ್, ಅನಿಲ್ ಕುಂಬ್ಳೆ ಇಬ್ಬರೂ ಚೆಂಡನ್ನು ಜೋರಾಗಿ ಹಾಕಿದವರು. ಕುಂಬ್ಳೆ ಅವರ ಚೆಂಡು ಹೊರಕ್ಕೆ ತಿರುಗುವುದಕ್ಕಿಂತ ಪುಟಿದು ನೇರ ನುಗ್ಗಿ ಬ್ಯಾಟರಿನ ಪ್ಯಾಡಿಗೆ ಬಡಿಯುತ್ತಿತ್ತು. ಶ್ರೇಯಸ್ ಚೆಂಡನ್ನು ಗಾಳಿಯಲ್ಲಿ ತೇಲಿಸಿ, ಗೂಗ್ಲಿ ಬೆರೆಸಿ ಹಾಕುವವರು. ಬ್ಯಾಟರ್ ಕೇಳುವುದು ಚೆಂಡು ಎಷ್ಟು ವೇಗವಾಗಿ ಬರುತ್ತದೆ, ಯಾವ ಕಡೆ ತಿರುಗುತ್ತದೆ ಎಂದು. ಆದ್ದರಿಂದ ಸಾಧ್ಯವಿದ್ದಲ್ಲಿ ಗುಂಪನ್ನು ವೇಗದಿಂದಲೂ ಒಡೆಯಬೇಕು. ಗುಂಪು ಕೆಟ್ಟಿದೆ ಎಂದು ತಿಳಿಯುವ ಬಗೆ ಸರಳ: ಒಂದೇ ಗುಂಪಿನ ಇಬ್ಬರು ಬೌಲರ್‌ಗಳ ಎದುರು ಬಲಗೈ, ಎಡಗೈ ಬ್ಯಾಟರ್‌ಗಳ ಅಂಕಿಗಳು ತದ್ವಿರುದ್ಧವಾಗಿದ್ದರೆ, ಎಸೆತಗಳೂ ಸಾಕಷ್ಟಿದ್ದರೆ, ಅವರನ್ನು ಬೇರೆ ಮಾಡಿ.

60 ಎಸೆತದ ಅಂಕಿಯನ್ನು ಹದಕ್ಕೆ ತರುವ ಲೆಕ್ಕ ಕಾಗದದ ಮೇಲೆ ಎರಡೇ ನಿಮಿಷದ್ದು, ಗೊತ್ತೇ?
ಇಲ್ಲಿನ ಅಂಕಿಗಳೆಲ್ಲ ಊಹೆಯವು. ಹುಬ್ಬಳ್ಳಿಯ ಒಬ್ಬ ಬಲಗೈ ಬ್ಯಾಟರ್ ಎಡಗೈ ಸ್ಪಿನ್ನಿನ 60 ಎಸೆತದಲ್ಲಿ 54 ರನ್ ಹೊಡೆದು 5 ಸಲ ಔಟ್ ಆಗಿದ್ದಾನೆ. ಸ್ಟ್ರೈಕ್‌ರೇಟ್ 90, ಹನ್ನೆರಡು ಎಸೆತಕ್ಕೊಮ್ಮೆ ಔಟ್. ನೋಡಿದರೆ ಇದು ದೊಡ್ಡ ತೂತು.

ಈಗ ಇನ್ನೊಂದು ಕಡೆಯಿಂದ ಬನ್ನಿ. ಅವನ ಒಟ್ಟು ಸ್ಟ್ರೈಕ್‌ರೇಟ್ 130. ಲೀಗಿನ ಎಲ್ಲ ಬಲಗೈ ಬ್ಯಾಟರ್‌ಗಳದು ಒಟ್ಟು 125, ಎಡಗೈ ಸ್ಪಿನ್ನಿಗೆ 115. ಅಂದರೆ ಎಡಗೈ ಸ್ಪಿನ್ ಬಂದರೆ ಎಲ್ಲರಿಗೂ ನೂರಕ್ಕೆ ಎಂಟರಷ್ಟು ಇಳಿತ. ಆ ಇಳಿತವನ್ನು ನಮ್ಮ ಹುಡುಗನಿಗೆ ಹಚ್ಚಿದರೆ ನಿರೀಕ್ಷೆ ಸುಮಾರು 120. ಔಟ್ ಆಗುವ ಲೆಕ್ಕ 20 ಎಸೆತಕ್ಕೊಮ್ಮೆ ಎಂದಿರಲಿ.

ಈ ನಿರೀಕ್ಷೆಗೆ 120 ಎಸೆತದ ತೂಕ ಕೊಟ್ಟು ಅವನ ಖಾತೆಗೆ ಸೇರಿಸಿ: 120 ಎಸೆತ, 144 ರನ್, 6 ವಿಕೆಟ್. ಒಟ್ಟು 180 ಎಸೆತ, 198 ರನ್, 11 ವಿಕೆಟ್. ಹದವಾದ ಅಂಕಿ ಬಂತು: ಸ್ಟ್ರೈಕ್‌ರೇಟ್ 110, ಹದಿನಾರು ಎಸೆತಕ್ಕೊಮ್ಮೆ ಔಟ್. ದೌರ್ಬಲ್ಯ ಮಾಯವಾಗಲಿಲ್ಲ, ಅದರ ಅಬ್ಬರ ಇಳಿಯಿತು. ಅದೇ ಹುಡುಗ ಇದೇ ದರದಲ್ಲಿ 600 ಎಸೆತ ಆಡಿದ್ದರೆ ಹದವಾದ ಸ್ಟ್ರೈಕ್‌ರೇಟ್ 95ಕ್ಕೆ ಇಳಿಯುತ್ತಿತ್ತು. ಆಗ ಅವನ ಸ್ವಂತ ಅಂಕಿಯೇ ಮಾತಾಡುತ್ತದೆ.

ಆ 120 ಎಸೆತದ ತೂಕ ಆಕಾಶದಿಂದ ಉದುರಿದ್ದಲ್ಲ, ಗೊತ್ತೇ?
ಹಳೆಯ ಸೀಸನ್‌ಗಳ ಅಂಕಿ ತೆಗೆದುಕೊಂಡು 40, 80, 120, 200 ಹೀಗೆ ಬೇರೆ ಬೇರೆ ತೂಕ ಹಾಕಿ, ಮುಂದಿನ ಸೀಸನ್ ಅನ್ನು ಯಾವುದು ಹೆಚ್ಚು ಸರಿಯಾಗಿ ಹೇಳಿತು ಎಂದು ನೋಡಬೇಕು. ಗೆದ್ದ ತೂಕವೇ ನಿಮ್ಮ ತೂಕ. ರನ್ನಿಗೆ ಒಂದು, ವಿಕೆಟ್ಟಿಗೆ ಇನ್ನೊಂದು ಬರುವುದು ಸಹಜ. ವಿಕೆಟ್ ಅಪರೂಪದ ಘಟನೆಯಾದ್ದರಿಂದ ಅದರಲ್ಲಿ ಅದೃಷ್ಟದ ಪಾಲು ಜಾಸ್ತಿ, ತೂಕವೂ ಭಾರವಾಗಿರಬೇಕು.

ಈ ಉಪಾಯ ಬೇಸ್‌ಬಾಲಿನಲ್ಲಿ ಪರೀಕ್ಷೆಗೆ ಒಳಗಾಗಿ ಹೆಸರು ಮಾಡಿದೆ, ಗೊತ್ತೇ?
ಬ್ರಾಡ್ಲಿ ಎಫ್ರಾನ್, ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1970ರ ಅಮೆರಿಕನ್ ಸೀಸನ್ನಿನ 18 ಆಟಗಾರರ ಮೊದಲ 45 ಸರದಿಗಳನ್ನು ಹಿಡಿದು, ಉಳಿದ ಸೀಸನ್ ಹೇಗಿರಬಹುದು ಎಂದು ಅಂದಾಜಿಸಿದರು. ಎಲ್ಲರನ್ನೂ ಗುಂಪಿನ ಸರಾಸರಿಯ ಕಡೆ ಎಳೆದ ಅಂಕಿಗಳು ಹೆಚ್ಚಿನವರ ವಿಷಯದಲ್ಲಿ ಹಸಿ ಅಂಕಿಗಿಂತ ನಿಜಕ್ಕೆ ಹತ್ತಿರ ಬಂದವು. ರಾಬರ್ಟೊ ಕ್ಲೆಮೆಂಟೆಯ ವಿಷಯ ಬೇರೆ. 0.400 ಬ್ಯಾಟಿಂಗ್ ಸರಾಸರಿಯಿಂದ ಶುರು ಮಾಡಿದ ಆತನನ್ನು ಲೆಕ್ಕ ಸುಮಾರು 0.290ಕ್ಕೆ ಎಳೆಯಿತು, ಆತ ಉಳಿದ ಸೀಸನ್‌ನಲ್ಲಿ ಹೊಡೆದದ್ದು 0.346. ಈ ಲೆಕ್ಕ ಒಟ್ಟು ತಪ್ಪನ್ನು ಕಡಿಮೆ ಮಾಡುತ್ತದೆ, ಆದರೆ ನಿಜವಾದ ಅಸಾಮಾನ್ಯನಿಗೆ ಅನ್ಯಾಯ ಮಾಡಬಲ್ಲದು. ಅದಕ್ಕೇ ನಮ್ಮ ಲೆಕ್ಕದಲ್ಲಿ ಲೀಗಿನ ಸರಾಸರಿಯ ಬದಲು ಹುಬ್ಬಳ್ಳಿಯ ಬ್ಯಾಟರಿನ ಸ್ವಂತ 130ರಿಂದ ಶುರು ಮಾಡಿದ್ದು.

ನಾಯಕನ ಜಾಣತನವೇ ಅಂಕಿಯನ್ನು ಕೆಡಿಸುತ್ತದೆ, ಗೊತ್ತೇ?
ಕ್ರೀಸಿನಲ್ಲಿ ಎಡಗೈ ಬ್ಯಾಟರ್ ಇದ್ದರೆ ಎಡಗೈ ಸ್ಪಿನ್ನರ್ ಕೈಗೆ ಚೆಂಡು ಕೊಡಲು ನಾಯಕ ಹಿಂಜರಿಯುತ್ತಾನೆ. ಕೊಟ್ಟಾಗ ಪಿಚ್ ತಿರುಗುತ್ತಿರುತ್ತದೆ, ಇಲ್ಲವೇ ಬೌಲರ್ ಲಯದಲ್ಲಿರುತ್ತಾನೆ. ಹೀಗೆ ಆಯ್ದ ಗಳಿಗೆಯಲ್ಲಿ ಬಿದ್ದ ಎಸೆತಗಳಿಂದ ಆ ಬೌಲರ್ ಎಡಗೈಯವರಿಗೂ ಚೆನ್ನಾಗಿ ಹಾಕುತ್ತಾನೆಂದು ಕಂಡರೆ ಅದನ್ನು ಪೂರ್ತಿ ನಂಬಬೇಡಿ. ಪವರ್‌ಪ್ಲೇಯ ಎಸೆತ, ಕೊನೆಯ ಓವರಿನ ಎಸೆತ ಒಟ್ಟಿಗೆ ಕಲೆಸಿದರೂ ಇದೇ ಪಾಡು. ಅದೇ ಪಂದ್ಯದ ಅದೇ ಹಂತದಲ್ಲಿ ಉಳಿದವರು ಎಷ್ಟು ಹೊಡೆದರು ಎಂಬುದನ್ನು ಕಳೆದು ನೋಡಿದರೆ ದೋಷ ಸ್ವಲ್ಪ ತಗ್ಗುತ್ತದೆ.

ಸಾಮಾನ್ಯ ಸ್ಕೋರ್‌ಬುಕ್ಕಿನಿಂದ ಈ ಲೆಕ್ಕ ತೆಗೆಯುವುದು ಕಷ್ಟ, ಗೊತ್ತೇ?
ಅದರಲ್ಲಿ ಬ್ಯಾಟರ್ ಹೊಡೆದ ರನ್ ಒಂದು ಸಾಲಿನಲ್ಲಿ, ಬೌಲರಿನ ಓವರ್ ಇನ್ನೊಂದು ಪೆಟ್ಟಿಗೆಯಲ್ಲಿ. ಯಾರ ಎಸೆತಕ್ಕೆ ಯಾರು ಹೊಡೆದರೆಂದು ಜೋಡಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಧಾರವಾಡ ವಲಯದ ಲೀಗ್ ಪಂದ್ಯಕ್ಕಾದರೂ ಎಸೆತಕ್ಕೊಂದು ಸಾಲು ಬರೆದರೆ ಸಾಕು: 'ಓವರ್ 7.3, ಬೌಲರ್ ಎಡಗೈ ಸ್ಪಿನ್, ಬ್ಯಾಟರ್ ಬಲಗೈ, ರನ್ 1, ಔಟ್ ಇಲ್ಲ.' ವೈಡ್ ಅನ್ನು ಬ್ಯಾಟರ್ ಆಡಿದ ಎಸೆತಕ್ಕೆ ಸೇರಿಸಬೇಡಿ. ರನ್‌ಔಟ್ ಅನ್ನು ಬೌಲರ್ ಖಾತೆಗೆ ಹಾಕಬೇಡಿ.

ಇಷ್ಟೆಲ್ಲ ಲೆಕ್ಕದ ಕೊನೆಗೆ ಸಿಗುವ ಲಾಭ ಓವರಿಗೆ ಸುಮಾರು ಒಂದು ರನ್ ಮಾತ್ರ, ಗೊತ್ತೇ?
ನಮ್ಮ ಬ್ಯಾಟರಿಗೆ ಎಡಗೈ ಸ್ಪಿನ್ನರ್ ಹಾಕಿದರೆ ಆರು ಎಸೆತಕ್ಕೆ 6.6 ರನ್. ಅವನ ಮಾಮೂಲಿ 130ರ ದರದಲ್ಲಿ 7.8. ಒಂದು ಓವರಿನಲ್ಲಿ ಔಟ್ ಆಗುವ ಸಂಭವ ನೂರಕ್ಕೆ ಸುಮಾರು 26ರ ಬದಲು 31. ಈ ಅಂತರ ಸಣ್ಣದು, ಆದರೆ ಎರಡು ಓವರ್ ಉಳಿದ ಬಿಗಿ ಪಂದ್ಯದಲ್ಲಿ ಬೆಲೆಯುಳ್ಳದ್ದು. ಆ ಸ್ಪಿನ್ನರ್ ಅಂದು ಫುಲ್‌ಟಾಸ್ ಹಾಕುತ್ತಿದ್ದರೆ, ಗಾಳಿ ಬೀಸುವ ಕಡೆಯ ಬೌಂಡರಿ ಚಿಕ್ಕದಿದ್ದರೆ, ಆ ಒಂದು ರನ್ ಒಂದೇ ಸಿಕ್ಸರಿಗೆ ಕೊಚ್ಚಿ ಹೋಗುತ್ತದೆ. ಹಸಿ ಅಂಕಿ ನಂಬಿದ ನಾಯಕ 90ರ ಸ್ಟ್ರೈಕ್‌ರೇಟ್ ನೋಡಿ ಓವರಿಗೆ ಸುಮಾರು ಎರಡೂವರೆ ರನ್ ಉಳಿಯಿತೆಂದು ಲೆಕ್ಕ ಹಾಕುತ್ತಾನೆ, ದಣಿದ ಸ್ಪಿನ್ನರ್ ಕೈಗೇ ಚೆಂಡು ಕೊಡುತ್ತಾನೆ. ಹದ ಮಾಡಿದ ಅಂಕಿ ಇರುವವನು ಮೊದಲು ಬೌಲರ್ ಮುಖ ನೋಡುತ್ತಾನೆ.