ಎಲೆಕೋಸು, ಸಜ್ಜೆ ಮತ್ತು ಥೈರಾಯ್ಡ್

ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಹೀರಿಕೊಂಡು ಹಾರ್ಮೋನು ತಯಾರಿಸುತ್ತದೆ. ಈ ಕೆಲಸಕ್ಕೆ ಅಡ್ಡಬರುವ ಆಹಾರಾಂಶಗಳಿಗೆ ಗಾಯಿಟ್ರೊಜನ್ ಎಂದು ಹೆಸರು. ಇವುಗಳ ಸುಳಿವು ಸಿಕ್ಕಿದ್ದು 1928ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಬೇರೊಂದು ಸಂಶೋಧನೆಗೆಂದು ಸಾಕಿದ್ದ ಮೊಲಗಳಿಗೆ ಗಳಗಂಡ ಬಂದಿತ್ತು. ಅವುಗಳ ಮೇವು ಬಹುಪಾಲು ಎಲೆಕೋಸೇ ಆಗಿತ್ತು.

ಎಲೆಕೋಸಿನಲ್ಲಿ ಗ್ಲುಕೋಸಿನೋಲೇಟ್ ಎಂಬ ಗಂಧಕಯುಕ್ತ ವಸ್ತುಗಳಿರುತ್ತವೆ. ಎಲೆಯನ್ನು ಹೆಚ್ಚಿದಾಗ ಅಥವಾ ಅಗಿದಾಗ ಮೈರೊಸಿನೇಸ್ ಎಂಬ ಕಿಣ್ವ ಅವುಗಳನ್ನು ಒಡೆಯುತ್ತದೆ. ಆಗ ಹುಟ್ಟುವ ಥಯೋಸಯನೇಟ್ ಅಯೋಡಿನ್‌ನ ದಾರಿಯಲ್ಲೇ ನುಗ್ಗಿ ಅದು ಗ್ರಂಥಿಯೊಳಗೆ ಹೋಗದಂತೆ ತಡೆಯುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಆಮೇಲೂ ಅಷ್ಟಿಷ್ಟು ಒಡೆಯುತ್ತವೆ ನಿಜ, ಆದರೆ ತೊಂದರೆಯಾಗುವಷ್ಟಲ್ಲ. ಎಲೆಕೋಸಿನ ಬಂಧುವಾದ ಬ್ರಸೆಲ್ಸ್ ಸ್ಪ್ರೌಟ್ಸನ್ನು ಬೇಯಿಸಿ ದಿನಕ್ಕೆ 150 ಗ್ರಾಂನಂತೆ ನಾಲ್ಕು ವಾರ ತಿನ್ನಿಸಿ ನೋಡಿದಾಗ ಜನರ ಥೈರಾಯ್ಡ್ ಹಾರ್ಮೋನುಗಳ ಮಟ್ಟ ಬದಲಾಗಲಿಲ್ಲ.

ಹಾಗಾದರೆ ಅಪಾಯ ಎಲ್ಲಿಂದ ಶುರು? 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣ ಇದಕ್ಕೆ ಅಳತೆಗೋಲು. ಅಮೆರಿಕದಲ್ಲಿ 88 ವರ್ಷದ ಚೀನೀ ಮೂಲದ ಮಹಿಳೆಯೊಬ್ಬರು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನಂಬಿ ಎಲೆಕೋಸಿನ ಜಾತಿಯ ಬಾಕ್ ಚಾಯ್ ಸೊಪ್ಪನ್ನು ಹಲವು ತಿಂಗಳು ಹಸಿಯಾಗಿ ತಿಂದರು, ಅದೂ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ! ಥೈರಾಯ್ಡ್ ಕೊರತೆ ವಿಪರೀತಕ್ಕೆ ಹೋಗಿ ಅವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಊಟದ ಜೊತೆಗಿನ ಕೋಸಿನ ಪಲ್ಯ ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ.

ಸಜ್ಜೆಯ ಕತೆ ಬೇರೆ. ಅದರಲ್ಲಿರುವುದು ವೈಟೆಕ್ಸಿನ್ ಮೊದಲಾದ ಫ್ಲೇವನಾಯ್ಡ್‌ಗಳು. ಇವು ಅಯೋಡಿನ್ ಒಳಗೆ ಹೋದ ಮೇಲೆ ಹಾರ್ಮೋನು ಕಟ್ಟುವ ಕಿಣ್ವವನ್ನೇ ತಡೆಯುತ್ತವೆ. ರೊಟ್ಟಿ ಸುಟ್ಟರೂ ಅಂಬಲಿ ಕಾಯಿಸಿದರೂ ನಾಶವಾಗುವುದಿಲ್ಲ. ಕಾಳಿನ ಹೊರಪದರದಲ್ಲಿ ಹೆಚ್ಚಾಗಿರುವುದರಿಂದ ತೌಡು ತೆಗೆದರೆ ಕಡಿಮೆಯಾಗುತ್ತವೆ. ಆದರೆ ನಾರೂ ಕಬ್ಬಿಣಾಂಶವೂ ಅದರೊಂದಿಗೇ ಹೋಗುತ್ತವೆ. ಸುಡಾನಿನ ದಾರ್ಫುರ್‌ನಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿದ್ದ ಹಳ್ಳಿಗರಲ್ಲಿ ಗಳಗಂಡ ವ್ಯಾಪಕವಾಗಿತ್ತು. ಅಲ್ಲಿ ಅಯೋಡಿನ್ ಕೊರತೆಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ಸಂಶೋಧನೆ ಹೆಚ್ಚಾಗಿ ನಡೆದಿರುವುದು ಸಜ್ಜೆಯ ಮೇಲೆ. ಅದನ್ನೇ ರಾಗಿ, ನವಣೆ, ಸಾಮೆಗಳಿಗೆಲ್ಲ ಅಂಟಿಸಿ ಸಿರಿಧಾನ್ಯವನ್ನೇ ದೂರುವುದು ತಪ್ಪು.

ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಸಜ್ಜೆ ರೊಟ್ಟಿಗೆ ಹೆದರಬೇಕಿಲ್ಲ. ಭಾರತದಲ್ಲಿ ಥೈರಾಯ್ಡ್ ಕೊರತೆ ಇರುವ ಎಷ್ಟೋ ಮಂದಿಗೆ ಅದು ಬಂದಿರುವುದು ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ಎರಗಿದ್ದರಿಂದ; ಕೋಸು ಬಿಟ್ಟ ಮಾತ್ರಕ್ಕೆ ಅದು ವಾಸಿಯಾಗದು. ನಿಜಕ್ಕೂ ಎಚ್ಚರ ಬೇಕಿರುವುದು ಮೂರು ಹೊತ್ತೂ ಸಜ್ಜೆಯನ್ನೇ ಉಣ್ಣುತ್ತ, ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೊರಳಿದವರಿಗೆ, ಅದರಲ್ಲೂ ಗರ್ಭಿಣಿಯರಿಗೆ.