ವೀಣೆಗೂ ಬಾಯಾರಿಕೆ

ಮೈಸೂರಿನಿಂದ ಅಮೆರಿಕದ ಮಿಷಿಗನ್‌ಗೆ ಹೋಗಿ ನೆಲೆಸಿದ ನನ್ನ ಗೆಳತಿ ಜನವರಿಯ ಒಂದು ರಾತ್ರಿ ಪಡಸಾಲೆಯಿಂದ 'ಟಪ್' ಎಂಬ ಸದ್ದು ಕೇಳಿ ಎದ್ದುಹೋದಳಂತೆ. ವೀಣೆಯ ತಂತಿ ಹರಿದಿರಬೇಕು ಎಂದುಕೊಂಡಳು. ತಂತಿಗಳೆಲ್ಲ ಸರಿಯಾಗಿಯೇ ಇದ್ದವು. ಬೆಳಗಿನ ಬೆಳಕಿನಲ್ಲಿ ನೋಡಿದರೆ ಕೊಡದ ಮೇಲುಹಲಗೆಯಲ್ಲಿ, ಕುದುರೆಯ ಪಕ್ಕದಿಂದ ಶುರುವಾಗಿ ಗೇಣುದ್ದದ ಬಿರುಕು. ಇಪ್ಪತ್ತು ವರ್ಷ ಮೈಸೂರಿನ ಮನೆಯಲ್ಲಿ ಏನೂ ಆಗದಿದ್ದ ಹಲಸಿನ ಮರದ ವೀಣೆ ಅದು.

ಅವಳು ದೂರಿದ್ದು ಚಳಿಯನ್ನು. ಆದರೆ ಸೀಳಿದ್ದು ಚಳಿಯಲ್ಲ, ಹೀಟರ್. ಹೊರಗೆ 0 ಡಿಗ್ರಿ ಇದ್ದು ಆರ್ದ್ರತೆ ಶೇ. 80 ಇದ್ದರೂ ಆ ತಣ್ಣನೆಯ ಗಾಳಿಯಲ್ಲಿರುವ ನೀರಾವಿ ಬಹಳ ಕಡಿಮೆ. ಅದೇ ಗಾಳಿ ಮನೆಯೊಳಗೆ ಬಂದು 22 ಡಿಗ್ರಿಗೆ ಬಿಸಿಯಾದಾಗ ಆರ್ದ್ರತೆ ಶೇ. 20ಕ್ಕಿಂತ ಕೆಳಗಿಳಿಯುತ್ತದೆ. ಅಂಥ ಒಣ ಗಾಳಿ ಎಲ್ಲಿ ತೇವ ಸಿಕ್ಕರೂ ಹೀರುತ್ತದೆ: ನಮ್ಮ ತುಟಿಯಿಂದ, ಚರ್ಮದಿಂದ, ಮರದಿಂದ.

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಎಳೆಗೆ ಅಡ್ಡಲಾಗಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಮೇಲುಹಲಗೆ 35 ಸೆಂಟಿಮೀಟರ್ ಅಗಲವಿದೆ ಎಂದಿಟ್ಟುಕೊಳ್ಳಿ. ಶೇ. 1ರಷ್ಟು ಕುಗ್ಗಿದರೂ ಮೂರೂವರೆ ಮಿಲಿಮೀಟರ್ ಆಯಿತು. ಹಲಗೆ ಬಿಡಿಯಾಗಿದ್ದರೆ ತೊಂದರೆಯಿಲ್ಲ. ಆದರೆ ಅದರ ಅಂಚು ಸುತ್ತಲೂ ಕೊಡಕ್ಕೆ ಅಂಟಿಕೊಂಡಿದೆ. ದಪ್ಪನೆಯ ಕೊಡ ನಿಧಾನವಾಗಿ ಒಣಗುತ್ತದೆ, ತೆಳು ಹಲಗೆ ಬೇಗ ಒಣಗುತ್ತದೆ. ಕುಗ್ಗಲು ಜಾಗವಿಲ್ಲದ ಹಲಗೆ ಎಳೆಯ ಗುಂಟ ಸೀಳುತ್ತದೆ.

ಸೀಳುವ ಮೊದಲೇ ವಾದ್ಯ ಸೂಚನೆ ಕೊಡುತ್ತದೆ. ಬಿರಡೆಗಳು ನಿಲ್ಲದೆ ಜಾರತೊಡಗುತ್ತವೆ. ಮೆಟ್ಟಿಲುಗಳನ್ನು ಕೂರಿಸಿದ ಮೇಣದಲ್ಲಿ ಗೆರೆ ಬೀಳುತ್ತದೆ. ದಂಡಿ ಸೊಟ್ಟಗಾದರೆ ತಂತಿ ಒಂದು ಕಡೆ ಎತ್ತರವಾಗಿ ಬೆರಳಿಗೆ ಭಾರವೆನಿಸುತ್ತದೆ, ಇನ್ನೊಂದು ಕಡೆ ಮೆಟ್ಟಿಲಿಗೆ ತಗುಲಿ ಕಿರಿಕಿರಿ ನಾದ ಬರುತ್ತದೆ. ಗೆಳತಿಯ ಬಿರಡೆಗಳು ಡಿಸೆಂಬರಿನಿಂದಲೇ ಜಾರುತ್ತಿದ್ದವು. ಅವಳು ಸೀಮೆಸುಣ್ಣ ಹಚ್ಚಿ ಸುಮ್ಮನಾಗಿದ್ದಳು.

ಮರದ ವಾದ್ಯಕ್ಕೆ ಹಿತವಾದ ಆರ್ದ್ರತೆ ಶೇ. 45ರಿಂದ 55. ಅಳೆಯಲು ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಸಾಕು, ಆದರೆ ಅಗ್ಗದವು ಹಲವು ಸಲ ತಪ್ಪು ತೋರಿಸುತ್ತವೆ. ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಷ್ಟು ಮಾತ್ರ ನೀರು ಸೇರಿಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಓದುವಾಗ 5 ಕೂಡಿಸಿಕೊಳ್ಳಿ.

ಇಡೀ ಮನೆಗೆ ತೇವ ಕೊಡುವುದು ಕಷ್ಟ, ವೀಣೆಯ ಪೆಟ್ಟಿಗೆಗೆ ಕೊಡುವುದು ಸುಲಭ. ತೂತು ಕೊರೆದ ಸೋಪು ಡಬ್ಬಿಯಲ್ಲಿ, ಹಿಂಡಿ ನೀರು ತೊಟ್ಟಿಕ್ಕದಂತೆ ಮಾಡಿದ ಸ್ಪಂಜನ್ನಿಟ್ಟು, ಮರಕ್ಕೆ ತಾಗದ ಹಾಗೆ ದಂಡಿಯ ಕೆಳಗೊಂದು, ಕೊಡದ ಬಳಿ ಒಂದು ಇಡಬೇಕು. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ನೋಡಬೇಕು. ನುಡಿಸಿದ ಕೂಡಲೇ ವೀಣೆಯನ್ನು ಪೆಟ್ಟಿಗೆಗೆ ಸೇರಿಸಿ ಮುಚ್ಚುವುದೇ ಇದರಲ್ಲಿ ಮುಖ್ಯ. ಅಲಂಕಾರಕ್ಕೆಂದು ಹೀಟರ್ ದ್ವಾರದ ಎದುರು ತೆರೆದಿಟ್ಟರೆ ಸ್ಪಂಜು ಏನೂ ಮಾಡಲಾರದು.

ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಮರ ಉಬ್ಬುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ, ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆಗ ಪೆಟ್ಟಿಗೆಯೊಳಗೆ ಬೇಕಾದದ್ದು ಸಿಲಿಕಾ ಜೆಲ್ ಪೊಟ್ಟಣ. ಮಳೆನೀರು ಜಿನುಗುವ ಗೋಡೆಗೆ ವಾದ್ಯ ಒರಗಿಸಬಾರದು, ಪ್ಲಾಸ್ಟಿಕ್ ಹೊದಿಸಬಾರದು. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನದ ಗಾಳಿಯೂ ಒಣಗಿಯೇ ಇರುತ್ತದೆ. ಆದರೆ ರಾತ್ರಿ ತೇವ ಮರಳುವುದರಿಂದ, ನಿಧಾನವಾಗಿ ಬದಲಾಗುವ ಮರ ಅದನ್ನು ತಾಳಿಕೊಳ್ಳುತ್ತದೆ. ವಾರಗಟ್ಟಲೆ ಬಿಡುವಿಲ್ಲದ ಒಣಗಾಳಿಯೇ ಅಪಾಯ.

ಬಿರುಕು ಬಿಟ್ಟಮೇಲೆ ಜನ ಮಾಡುವ ದೊಡ್ಡ ತಪ್ಪು, ಅದೇ ದಿನ ಅಂಟು ತುಂಬುವುದು. ಒಣಗಿ ಅಗಲವಾದ ಬಿರುಕಿಗೆ ಏನಾದರೂ ತುಂಬಿದರೆ, ಮಳೆಗಾಲದಲ್ಲಿ ಮರ ಹಿಗ್ಗಿದಾಗ ಸೇರಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲೇ ಇನ್ನೊಂದು ಸೀಳು ಬೀಳಬಹುದು. ಎಣ್ಣೆ ಸವರುವುದೂ ಬೇಡ: ಅದು ನೀರಿನ ಕೊರತೆ ತುಂಬುವುದಿಲ್ಲ, ಮೇಲಾಗಿ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಗೆಳತಿಗೆ ವೀಣೆ ಮಾಡುವ ಹಿರಿಯರೊಬ್ಬರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ತಂತಿ ಸಡಿಲ ಮಾಡಮ್ಮ, ಪೆಟ್ಟಿಗೆಯಲ್ಲಿ ಸ್ಪಂಜಿಟ್ಟು ಮುಚ್ಚು, ತಿಂಗಳು ಮುಟ್ಟಬೇಡ." ಐದನೇ ವಾರಕ್ಕೆ ಉಗುರು ತೂರುತ್ತಿದ್ದ ಬಿರುಕು ಕೂದಲಿನ ಗೆರೆಯಷ್ಟಾಗಿತ್ತು. ಅಂಟು ಹಾಕಿಸಿದ್ದು ಆಮೇಲೆ, ಬೇಸಿಗೆ ರಜೆಗೆ ಊರಿಗೆ ಬಂದಾಗ.

ನಿಮ್ಮ ಮಕ್ಕಳು ವೀಣೆಯನ್ನೋ ತಂಬೂರಿಯನ್ನೋ ಚಳಿದೇಶಕ್ಕೆ ಒಯ್ಯುವುದಿದ್ದರೆ, ಹೊರಡುವ ಮುನ್ನ ತಂತಿ ಸ್ವಲ್ಪ ಇಳಿಸಿ, ಪೆಟ್ಟಿಗೆಯಲ್ಲಿ ಒಂದು ಹೈಗ್ರೋಮೀಟರ್ ಇಟ್ಟು ಕಳಿಸಿ. ತಲುಪಿದ ದಿನ ಪೆಟ್ಟಿಗೆ ತೆರೆಯದೆ ಮರುದಿನದವರೆಗೆ ಕಾಯಲು ಹೇಳಿ.