ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ

ಅವತ್ತು ಆಗಸ್ಟ್ ಒಂದನೇ ತಾರೀಖು. ಅಂಗಡಿ ಮುಚ್ಚುವ ಹೊತ್ತಿಗೆ ಪಕ್ಕದ ಬೀದಿಯ ಹುಡುಗನೊಬ್ಬ ಬಂದ. "ಸಾರ್, ಸೊಂಟ ನೋವಿಗೆ ಎರಡು ಗುಳಿಗೆ ಕೊಡಿ. ಮೊನ್ನೆ ನಮ್ಮಪ್ಪಂಗೆ ಕೊಟ್ರಲ್ಲ, ಅದೇ."

"ಯಾರಿಗಪ್ಪಾ?"

"ಮನೆಯವರಿಗೆ."

ಅವನ ಮನೆಯವಳು ಬಸುರಿ ಅನ್ನುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. "ಎಷ್ಟು ತಿಂಗಳು?" ಎಂದು ಕೇಳಿದೆ. "ಏಳು ನಡೀತಿದೆ ಸಾರ್. ಯಾಕೆ, ಕೊಡಬಾರದಾ? ಸುಮ್ಮನೆ ನೋವಿನ ಗುಳಿಗೆ ಅಲ್ವಾ?"

ಅವನಪ್ಪನಿಗೆ ವೈದ್ಯರ ಚೀಟಿ ನೋಡಿ ಕೊಟ್ಟ ಸ್ಟ್ರಿಪ್ಪನ್ನು ತೆಗೆದು ತಿರುಗಿಸಿ ಅವನ ಕೈಗಿಟ್ಟೆ. ಮುಂಭಾಗದಲ್ಲಿ ದಪ್ಪಕ್ಷರದ ಕಂಪನಿ ಹೆಸರಿರುತ್ತದೆ. ಅದರಿಂದ ನಮಗೇನೂ ತಿಳಿಯುವುದಿಲ್ಲ. ಹಿಂದೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಳಗೆ ಏನಿದೆ ಎಂದು ಬರೆದಿರುತ್ತಾರೆ. ಅಲ್ಲಿದ್ದದ್ದು ಎರಡು ಹೆಸರು: ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ. ಬಸುರಿಗೆ ನೋವಿಗೂ ಜ್ವರಕ್ಕೂ ವೈದ್ಯರು ಮೊದಲು ಬರೆಯುವ ಔಷಧ ಪ್ಯಾರಸಿಟಮಾಲ್. ಏಳನೇ ತಿಂಗಳಲ್ಲಿ ಮುಟ್ಟಲೇಬಾರದ ಔಷಧ ಐಬುಪ್ರೊಫೆನ್. ಎರಡೂ ಒಂದೇ ಗುಳಿಗೆಯಲ್ಲಿ ಕೂತಿದ್ದವು.

ಮೂವತ್ತು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿರುವ ನನ್ನ ಅನುಭವದಲ್ಲಿ, "ಈ ಮಾತ್ರೆ ಬಸುರಿಗೆ ಆಗುತ್ತಾ?" ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಒಳಗಿರುವ ಔಷಧ ಯಾವುದು, ಎಷ್ಟನೇ ವಾರ, ಎಷ್ಟು ಪ್ರಮಾಣ ಮತ್ತು ಎಷ್ಟು ದಿನ ಎಂಬುದು ತಿಳಿದ ಮೇಲೆಯೇ ಉತ್ತರ ಸಿಗುವುದು.

ವಾರದಿಂದಲೇ ಶುರು ಮಾಡೋಣ. ಮನೆಯಲ್ಲಿ ತಿಂಗಳ ಲೆಕ್ಕ ಹೇಳುತ್ತೇವೆ, ಔಷಧದ ಎಚ್ಚರಿಕೆಗಳೆಲ್ಲ ವಾರದ ಲೆಕ್ಕದಲ್ಲಿರುತ್ತವೆ. ಲೆಕ್ಕ ಹಿಡಿಯಬೇಕಾದ್ದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾಯಿ ಕಾರ್ಡಿನಲ್ಲಿ ಆ ತಾರೀಖು ಬರೆದಿರುತ್ತದೆ. ಆ ಹುಡುಗ ಮನೆಗೆ ಫೋನ್ ಮಾಡಿ ಕೇಳಿದ: ಜನವರಿ 10. ಅಲ್ಲಿಂದ ಆಗಸ್ಟ್ 1ಕ್ಕೆ 203 ದಿನ. ಏಳರಿಂದ ಭಾಗಿಸಿದರೆ ಸರಿಯಾಗಿ 29 ವಾರ.

ಐಬುಪ್ರೊಫೆನ್ ವಿಷಯದಲ್ಲಿ ಎರಡು ಗಡಿಗಳಿವೆ. ಮೊದಲನೆಯದು 20 ವಾರ. ಆ ಹೊತ್ತಿಗೆ ಗರ್ಭದೊಳಗಿನ ನೀರಿನ ಬಹುಪಾಲು ಮಗುವಿನ ಮೂತ್ರವೇ ಆಗಿರುತ್ತದೆ. ತಾಯಿ ನುಂಗಿದ ಐಬುಪ್ರೊಫೆನ್ ಮಾಸನ್ನು ದಾಟಿ ಮಗುವಿನ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೂತ್ರ ಇಳಿಯುತ್ತದೆ, ಗರ್ಭದ ನೀರೂ ಇಳಿಯುತ್ತದೆ. ಸಾಮಾನ್ಯವಾಗಿ ಕೆಲವು ದಿನ, ಕೆಲವು ವಾರ ನುಂಗಿದ ಮೇಲೆ ಹೀಗಾಗುತ್ತದೆ. ಎರಡೇ ದಿನದಲ್ಲಿ ಆದದ್ದೂ ಅಪರೂಪಕ್ಕೆ ದಾಖಲಾಗಿದೆ. ಗುಳಿಗೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ನೀರು ಮತ್ತೆ ತುಂಬುತ್ತದೆ. ತಾಯಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ, ಸ್ಕ್ಯಾನಿಂಗಿನಲ್ಲಿಯೇ ಕಾಣಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರಿನಲ್ಲಿ, 20 ವಾರದ ನಂತರ ಈ ಗುಂಪಿನ ಔಷಧಗಳನ್ನು ತಪ್ಪಿಸಿ ಎಂದು ಎಚ್ಚರಿಕೆ ಹೊರಡಿಸಿದ್ದು ಇದೇ ಕಾರಣಕ್ಕೆ.

ಎರಡನೆಯ ಗಡಿ ಸುಮಾರು 30 ವಾರ. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ. ಆದ್ದರಿಂದ ರಕ್ತ ಶ್ವಾಸಕೋಶಕ್ಕೆ ಹೋಗದೆ ಅಡ್ಡದಾರಿ ಹಿಡಿಯಲು ಹೃದಯದ ಹತ್ತಿರ ಒಂದು ಸಣ್ಣ ನಾಳ ಇರುತ್ತದೆ. ಮಗು ಹುಟ್ಟಿ ಉಸಿರೆಳೆದ ಮೇಲೆ ಆ ದಾರಿ ತಾನಾಗಿ ಮುಚ್ಚಿಕೊಳ್ಳಬೇಕು. ಐಬುಪ್ರೊಫೆನ್ ಅದನ್ನು ಹೊಟ್ಟೆಯೊಳಗಿರುವಾಗಲೇ ಮುಚ್ಚಿಸಬಲ್ಲದು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಆ ನಾಳ ಮುಚ್ಚದೆ ಉಳಿದರೆ ಮುಚ್ಚಿಸಲು ವೈದ್ಯರು ಇದೇ ಐಬುಪ್ರೊಫೆನ್ ಕೊಡುತ್ತಾರೆ ಎಂದರೆ ಅದರ ಶಕ್ತಿ ಎಂಥದ್ದು ಎಂದು ತಿಳಿಯಬಹುದು.

ಐಬುಪ್ರೊಫೆನ್ ಒಂಟಿಯಲ್ಲ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್, ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ಮನೆಯಲ್ಲಿಟ್ಟುಕೊಳ್ಳುವ ಮೆಫೆನಾಮಿಕ್ ಆಸಿಡ್, ತಲೆನೋವಿನ ಆಸ್ಪಿರಿನ್ ಎಲ್ಲವೂ ಅದೇ ಕುಟುಂಬ. ಇಪ್ಪತ್ತು ವಾರಕ್ಕೆ ಮುಂಚೆಯೂ ವೈದ್ಯರನ್ನು ಕೇಳದೆ ಇವು ಬೇಡ. ಆದರೆ ಬಸಿರು ಎಂದು ಗೊತ್ತಾಗುವ ಮೊದಲು ಒಂದೆರಡು ನುಂಗಿದ್ದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಮುಂದಿನ ತಪಾಸಣೆಯಲ್ಲಿ ಮುಚ್ಚಿಡದೆ ಹೇಳಿದರೆ ಸಾಕು. ಇನ್ನೊಂದು ಮಾತು. ಬಿ.ಪಿ. ಏರದಂತೆ ತಡೆಯಲು ಕೆಲವು ಬಸುರಿಯರಿಗೆ ವೈದ್ಯರು ದಿನಕ್ಕೆ 75 ಅಥವಾ 150 ಮಿಲಿಗ್ರಾಂ ಆಸ್ಪಿರಿನ್ ಬರೆದಿರುತ್ತಾರೆ. ಅದು ಬೇರೆ ಲೆಕ್ಕ. ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ.

ಹುಡುಗನಿಗೆ ಬರೀ ಪ್ಯಾರಸಿಟಮಾಲ್ 500 ಇರುವ ಗುಳಿಗೆ ಕೊಟ್ಟೆ. ಸೊಂಟಕ್ಕೆ ಬಿಸಿನೀರಿನ ಚೀಲ ಇಡಲು ಹೇಳಿದೆ. ನೋವು ಬಿಟ್ಟು ಬಿಟ್ಟು ಅಲೆಯಂತೆ ಬಂದರೆ, ನೀರು ಅಥವಾ ರಕ್ತ ಕಂಡರೆ ಗುಳಿಗೆ ನುಂಗಿಸಿ ಕಾಯಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಏಳನೇ ತಿಂಗಳಲ್ಲಿ ಸೊಂಟನೋವು ಎಂದರೆ ಅವಧಿಗೆ ಮುಂಚಿನ ಹೆರಿಗೆ ನೋವೂ ಆಗಿರಬಹುದು. ಐದು ತಿಂಗಳು ದಾಟಿದ ಮೇಲಿನ ತಲೆನೋವೂ ಹಾಗೆಯೇ. ಗುಳಿಗೆಗೆ ಬಗ್ಗದಿದ್ದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ ಮೊದಲು ಬಿ.ಪಿ. ನೋಡಿಸಬೇಕು.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಬಸುರಿಯರು ಪ್ಯಾರಸಿಟಮಾಲ್ ನುಂಗಿದರೆ ಮಕ್ಕಳಿಗೆ ಆಟಿಸಂ ಬರುತ್ತದೆ ಎಂಬರ್ಥದ ಮಾತಾಡಿದ್ದರಿಂದ ನನ್ನ ಅಂಗಡಿಗೂ ಆ ಭಯ ಬಂತು. ಸ್ವೀಡನ್ನಿನಲ್ಲಿ ಸುಮಾರು 24 ಲಕ್ಷ ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಗಿದೆ. ಒಂದೇ ತಾಯಿಯ ಮಕ್ಕಳನ್ನು, ಅಂದರೆ ಒಂದು ಬಸಿರಿನಲ್ಲಿ ಪ್ಯಾರಸಿಟಮಾಲ್ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದವರ ಮಕ್ಕಳನ್ನು ಹೋಲಿಸಿ ನೋಡಿದಾಗ ಆಟಿಸಂಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಜ್ವರವನ್ನು ಹಾಗೇ ಬಿಡುವುದರಿಂದ ಮಗುವಿಗೆ ಆಗುವ ಹಾನಿ ಮಾತ್ರ ನಿಜ. ಬೇಕಾದಾಗ, ಬೇಕಾದಷ್ಟೇ, ಆದಷ್ಟು ಕಡಿಮೆ ದಿನ ಎಂಬುದು ವೈದ್ಯರು ಮೊದಲಿನಿಂದಲೂ ಹೇಳುತ್ತಿರುವ ಮಾತು.

ಮೂರು ವಾರ ಬಿಟ್ಟು ಅವನ ಅತ್ತೆಯೇ ಬಂದರು. ಮಗಳಿಗೆ ನೆಗಡಿ, ಜ್ವರ. ಮನೆಯಲ್ಲಿ 650ರ ಜ್ವರದ ಗುಳಿಗೆ ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದಾರಂತೆ, ಜೊತೆಗೆ ನೆಗಡಿ ಗುಳಿಗೆ ಬೇಕಂತೆ. ಈ ಸಲವೂ ಸ್ಟ್ರಿಪ್ ತಿರುಗಿಸಿ ಓದಿ ಹೇಳಿದೆ. ನೆಗಡಿ ಗುಳಿಗೆಯಲ್ಲಿ ಪ್ಯಾರಸಿಟಮಾಲ್ 500, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮೈನ್ 2 ಮಿಲಿಗ್ರಾಂ ಇತ್ತು. ಅದನ್ನು ದಿನಕ್ಕೆ ಮೂರು ಸಲ ಕೊಟ್ಟರೆ ಅದರಿಂದಲೇ 1500 ಮಿಲಿಗ್ರಾಂ ಪ್ಯಾರಸಿಟಮಾಲ್. ಜ್ವರದ ಗುಳಿಗೆಯಿಂದ 2600. ಒಟ್ಟು 4100. ದೊಡ್ಡವರಿಗೆ ದಿನದ ಮಿತಿಯೇ 4000. ಅದನ್ನು ಮೀರಿದರೆ ಪೆಟ್ಟು ಬೀಳುವುದು ತಾಯಿಯ ಯಕೃತ್ತಿಗೆ. ಎರಡು ಬೇರೆ ಕಾಯಿಲೆಗೆ ಎರಡು ಬೇರೆ ಗುಳಿಗೆ ಎಂದು ಅವರು ನಂಬಿದ್ದರು, ಒಳಗಿದ್ದದ್ದು ಒಂದೇ ಔಷಧ.

ಮೂಗು ಕಟ್ಟುವುದಕ್ಕೆಂದು ಹಾಕಿರುವ ಫಿನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುವಂಥದ್ದು. ಬಿ.ಪಿ. ಇರುವ ಬಸುರಿಗೆ ಅದು ಸಲ್ಲದು. ಸಾಲದ್ದಕ್ಕೆ, ಬಾಯಲ್ಲಿ ನುಂಗಿದರೆ ಅದು ಮೂಗು ಬಿಡಿಸುವುದೇ ಇಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದೆ. ಉಪಯೋಗವಿಲ್ಲದ್ದನ್ನು ಬಸುರಿಗೆ ಯಾಕೆ ಕೊಡಬೇಕು? ಉಪ್ಪುನೀರಿನ ಮೂಗಿನ ಹನಿ ಕೊಟ್ಟು ಕಳಿಸಿದೆ. ಜ್ವರ ಇಳಿಯದಿದ್ದರೆ ಮರುದಿನವೇ ಡಾಕ್ಟರಿಗೆ ತೋರಿಸಿ ಎಂದೆ.

ಅಕ್ಟೋಬರಿನಲ್ಲಿ ಹೆರಿಗೆಯಾಯಿತು. ಆ ಹುಡುಗ ಆಸ್ಪತ್ರೆಯ ಚೀಟಿ ಹಿಡಿದು ಬಂದು ದಂಗಾಗಿ ನಿಂತ. "ಸಾರ್, ಅವತ್ತು ಮುಟ್ಟಲೇಬಾರದು ಅಂದ್ರಿ. ಈಗ ಹೊಲಿಗೆ ನೋವಿಗೆ ಡಾಕ್ಟ್ರು ಅದೇ ಐಬುಪ್ರೊಫೆನ್ ಬರೆದಿದ್ದಾರೆ. ಮಗು ಹಾಲು ಕುಡೀತಿದೆಯಲ್ಲ?"

ಹೊಟ್ಟೆಯಲ್ಲಿದ್ದಾಗಿನ ಉತ್ತರವನ್ನು ಎದೆಹಾಲಿಗೆ ಅನ್ವಯಿಸಬಾರದು, ಇಲ್ಲಿನದನ್ನು ಅಲ್ಲಿಗೂ ಅನ್ವಯಿಸಬಾರದು. ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದ ಔಷಧ ಮಾಸಿನ ಮೂಲಕ ಮಗುವಿಗೆ ಸಲೀಸಾಗಿ ಹೋಗುತ್ತದೆ. ಹಾಲಿಗೆ ಇಳಿಯುವುದು ಔಷಧದ ಗುಣದ ಮೇಲೆ ನಿಂತಿದೆ. ತಾಯಂದಿರು ಆರು ಗಂಟೆಗೊಮ್ಮೆ 400 ಮಿಲಿಗ್ರಾಂ ಐಬುಪ್ರೊಫೆನ್ ತೆಗೆದುಕೊಂಡಾಗ ಹಾಲನ್ನು ಪರೀಕ್ಷಿಸಿದ್ದಾರೆ. ಲೀಟರಿಗೆ 1 ಮಿಲಿಗ್ರಾಂ ಕೂಡ ಸಿಗಲಿಲ್ಲ. ಐದು ಕೆ.ಜಿ. ಮಗು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕುಡಿದರೂ ಅದಕ್ಕೆ ಸೇರುವುದು ಮುಕ್ಕಾಲು ಮಿಲಿಗ್ರಾಮಿಗಿಂತ ಕಡಿಮೆ. ಅಷ್ಟೇ ತೂಕದ ಮಗುವಿಗೆ ಜ್ವರಕ್ಕೆಂದು ವೈದ್ಯರು ಇದನ್ನು ಕೊಡುವುದಾದರೆ ಒಂದು ಸಲಕ್ಕೇ 25ರಿಂದ 50 ಮಿಲಿಗ್ರಾಂ ಕೊಡುತ್ತಾರೆ. ಹಾಗಾಗಿ ಬಾಣಂತಿಗೆ ಪ್ಯಾರಸಿಟಮಾಲಿನಂತೆ ಐಬುಪ್ರೊಫೆನ್ ಕೂಡ ಒಪ್ಪುವ ಔಷಧ. ನೋವು ನುಂಗಿಕೊಂಡು ಕೂರುವುದು, ಗುಳಿಗೆ ತೆಗೆದುಕೊಂಡೆ ಎಂದು ಹಾಲು ಹಿಂಡಿ ಚೆಲ್ಲುವುದು, ಎರಡೂ ಬೇಕಾಗಿಲ್ಲ. ಆದರೆ ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ, ತೂಕ ಕಡಿಮೆಯಿದ್ದರೆ ಮಕ್ಕಳ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೋವಿಗೆ ಆಸ್ಪಿರಿನ್ ಮಾತ್ರ ಬಾಣಂತಿಗೂ ಬೇಡ.

ಬಾಣಂತಿತನದಲ್ಲಿ ಕಾಡುವುದು ನೆಗಡಿ ಗುಳಿಗೆ. ಮೂಗು ಬಿಡಿಸುವ ಸ್ಯೂಡೊಎಫೆಡ್ರಿನ್ ಮಗುವಿಗೆ ಹೋಗುವುದಕ್ಕಿಂತ ಹಾಲನ್ನೇ ಇಳಿಸಿಬಿಡುತ್ತದೆ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಚಿಕ್ಕ ಅಧ್ಯಯನವೊಂದರಲ್ಲಿ ಎಂಟು ತಾಯಂದಿರಿಗೆ 60 ಮಿಲಿಗ್ರಾಮಿನ ಒಂದೇ ಗುಳಿಗೆ ಕೊಟ್ಟಾಗ ಆ ದಿನದ ಹಾಲು ಸರಾಸರಿ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ನಿದ್ದೆ ತರಿಸುವ ಕ್ಲೋರ್‌ಫೆನಿರಮೈನಿನಿಂದ ಮಗು ಮಂಕಾಗಬಹುದು. ಮಗು ಹಾಲಿಗೆ ಏಳದಿದ್ದರೆ, ಬಟ್ಟೆ ಒದ್ದೆ ಮಾಡುವುದು ಕಡಿಮೆಯಾದರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕೊನೆಗೆ ನನ್ನಂಥ ಅಂಗಡಿಯವರ ಒಂದು ತಪ್ಪನ್ನೂ ಹೇಳಬೇಕು. ಎರಡು ಗುಳಿಗೆ ಕೇಳಿದರೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತೇವೆ. ಹೆಸರು, ಪ್ರಮಾಣ, ಅವಧಿ ಮುಗಿಯುವ ತಾರೀಖು ಇರುವ ತುಂಡು ನಮ್ಮ ಡಬ್ಬಿಯಲ್ಲೇ ಉಳಿದು, ನಿಮ್ಮ ಕೈಗೆ ಬರಿಯ ಬೆಳ್ಳಿ ಕಾಗದ ಬರುತ್ತದೆ. ಮನೆಯಲ್ಲಿ ಬಸುರಿ ಅಥವಾ ಬಾಣಂತಿ ಇದ್ದರೆ ಅಂಥ ತುಂಡನ್ನು ತೆಗೆದುಕೊಳ್ಳಬೇಡಿ. ಹೆಸರಿರುವ ಭಾಗವನ್ನೇ ಕೊಡಿ ಎಂದು ಕೇಳಿ. ಅಂಗಡಿಗೆ ಬಂದ ತಕ್ಷಣ ಗುಳಿಗೆಯ ಹೆಸರಿಗಿಂತ ಮೊದಲು "ಬಸುರಿಗೆ, ಇಷ್ಟು ವಾರ" ಅಥವಾ "ಬಾಣಂತಿಗೆ, ಮಗುವಿಗೆ ಇಷ್ಟು ದಿನ" ಎಂದು ಹೇಳಿ.